ಸೌತೆಕಾಯಿ ಸೊಟ್ಟಗಾಗುವುದೇಕೆ? ಇಂಜೆಕ್ಷನ್ ಅಲ್ಲ, ಇದು ಜೇನಿನ ಲೆಕ್ಕ

ಕಳೆದ ತಿಂಗಳು ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಒಂದು ಫೋಟೋ ಕಳಿಸಿದ್ದರು. ಒಂದು ತುದಿ ಉಬ್ಬಿ, ಇನ್ನೊಂದು ತುದಿ ಸಣಕಲಾಗಿ ಬಾಗಿದ್ದ ನಾಲ್ಕೈದು ಸೌತೆಕಾಯಿಗಳು. ಕೆಳಗೆ ಎಚ್ಚರಿಕೆ: ಇವು ಇಂಜೆಕ್ಷನ್ ಕೊಟ್ಟು ಬೆಳೆಸಿದವು, ತಿನ್ನಬೇಡಿ, ಎಲ್ಲರಿಗೂ ಕಳಿಸಿ. ಅದೇ ದಿನ ಸಂಜೆ ಅತ್ತೆ ಇನ್ನೊಂದನ್ನು ಕಳಿಸಿದರು. ಜೇನುನೊಣ ಅಳಿದರೆ ಮನುಷ್ಯಕುಲಕ್ಕೆ ನಾಲ್ಕೇ ವರ್ಷ ಆಯುಸ್ಸು ಎಂದು ಐನ್‌ಸ್ಟೈನ್ ಹೇಳಿದ್ದರಂತೆ.

ಎರಡೂ ಸುಳ್ಳು. ಐನ್‌ಸ್ಟೈನ್ ಹಾಗೆ ಹೇಳಿದ್ದಕ್ಕೆ ಅವರ ಬರಹದಲ್ಲಾಗಲಿ, ಭಾಷಣದಲ್ಲಾಗಲಿ ಆಧಾರ ಸಿಕ್ಕಿಲ್ಲ. ಅಕ್ಕಿ, ರಾಗಿ, ಗೋಧಿ, ಜೋಳಕ್ಕೆ ಜೇನು ಬೇಕಿಲ್ಲ, ಆದ್ದರಿಂದ ಜೇನು ಕಡಿಮೆಯಾದ ಮಾತ್ರಕ್ಕೆ ಊಟವೇ ನಿಂತುಹೋಗುವುದಿಲ್ಲ. ಆದರೆ ತಮಾಷೆ ನೋಡಿ, ಮೊದಲನೇ ಫೋಟೋದಲ್ಲಿದ್ದ ಸೊಟ್ಟ ಸೌತೆಕಾಯಿಗೂ ಎರಡನೇ ಸಂದೇಶದ ಜೇನಿಗೂ ನಿಜವಾದ ನಂಟಿದೆ. ಜೇನು ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಆ ಸೌತೆಕಾಯಿಯೇ ಒಂದು ಸಾಕ್ಷಿ.

ಒಂದೇ ಬಳ್ಳಿ, ಎರಡು ಬಗೆಯ ಹೂವು

ಸೌತೆ, ಕಲ್ಲಂಗಡಿ, ಕರಬೂಜ, ಸಿಹಿಗುಂಬಳ, ಹಾಗಲ, ಹೀರೆ, ಸೋರೆ, ಪಡವಲ ಎಲ್ಲವೂ ಒಂದೇ ಕುಟುಂಬದ ಬಳ್ಳಿಗಳು. ಇವುಗಳಲ್ಲಿ ಸಾಮಾನ್ಯವಾಗಿ ಒಂದೇ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಗುರುತಿಸುವುದು ಸುಲಭ. ಹೂವಿನ ಹಿಂಭಾಗ ನೋಡಿ. ಬರೀ ತೊಟ್ಟಿದ್ದರೆ ಅದು ಗಂಡು. ತೊಟ್ಟಿಗೂ ಎಸಳಿಗೂ ನಡುವೆ ಪುಟ್ಟ ಕಾಯಿಯಂಥ ಉಬ್ಬು ಇದ್ದರೆ ಅದು ಹೆಣ್ಣು. ಸೌತೆಯಲ್ಲಿ ಅದು ಪುಟ್ಟ ಸೌತೆಯಂತೆ, ಕಲ್ಲಂಗಡಿಯಲ್ಲಿ ರೋಮ ತುಂಬಿದ ಗೋಲಿಯಂತೆ ಇರುತ್ತದೆ.

ಇಲ್ಲೇ ಅನೇಕರು ಮೋಸಹೋಗುವುದು. ಆ ಉಬ್ಬನ್ನು ಕಂಡು 'ಕಾಯಿ ಕಚ್ಚಿತು' ಎಂದು ಖುಷಿಪಡುತ್ತಾರೆ, ನಾಲ್ಕು ದಿನದಲ್ಲಿ ಅದು ಹಳದಿಯಾಗಿ ಉದುರಿದಾಗ ಬಳ್ಳಿಗೆ ರೋಗ ಬಂತೆಂದು ಔಷಧಿ ತರಲು ಓಡುತ್ತಾರೆ. ವಾಸ್ತವದಲ್ಲಿ ಅದಿನ್ನೂ ಕಾಯಿಯಲ್ಲ, ಕಾಯಿಯಾಗಲು ಕಾದಿರುವ ಅಂಡಾಶಯ. ಗಂಡು ಹೂವಿನ ಪರಾಗ ಬಂದು ತಲುಪಿದರೆ ಮಾತ್ರ ಅದು ಕಾಯಿ.

ಆ ಪರಾಗ ತಾನಾಗಿ ಬರುವುದಿಲ್ಲ. ಜೋಳದ ಪರಾಗದಂತೆ ಗಾಳಿಯಲ್ಲಿ ತೇಲುವ ಪುಡಿ ಇದಲ್ಲ. ಇದು ದಪ್ಪ, ಅಂಟು. ಗಂಡು ಹೂವಿನೊಳಗೆ ಬೆರಳಾಡಿಸಿದರೆ ಹಳದಿಯಾಗಿ ಬೆರಳಿಗೇ ಮೆತ್ತಿಕೊಳ್ಳುತ್ತದೆ. ಒಂದು ಹೂವಿನಿಂದ ಇನ್ನೊಂದಕ್ಕೆ ಯಾರಾದರೂ ಹೊತ್ತೊಯ್ಯಲೇಬೇಕು, ಆ ಕೆಲಸ ಮಾಡುವುದು ಮುಖ್ಯವಾಗಿ ಜೇನುಗಳು. ತುಡುವೆ, ಹೆಜ್ಜೇನು, ಕೋಲುಜೇನು, ಮಿಸರೆ ಜೇನು ಇವು ನಮಗೆ ಪರಿಚಿತ. ಇವಲ್ಲದೆ ಗೂಡು ಕಟ್ಟಿ ಗುಂಪಾಗಿ ಬಾಳದೆ, ನೆಲದಲ್ಲಿ ತೂತು ಕೊರೆದು ಒಂಟಿಯಾಗಿ ಬದುಕುವ ಸಣ್ಣ ಕಾಡುಜೇನುಗಳೂ ಇವೆ. ಹೆಚ್ಚಿನವರು ಇವನ್ನು ನೊಣವೆಂದೇ ತಿಳಿದಿರುತ್ತಾರೆ.

ಒಂದು ಬೆಳಗ್ಗೆ, ಎಂಟು ಭೇಟಿ

ಕಲ್ಲಂಗಡಿಯ ಒಂದು ಹೆಣ್ಣು ಹೂವನ್ನೇ ತೆಗೆದುಕೊಳ್ಳೋಣ. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಅರಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಮರುದಿನ ಮತ್ತೆ ಅರಳುವುದಿಲ್ಲ. ಅದರ ಇಡೀ ಬದುಕಿನಲ್ಲಿ ಸಿಗುವುದು ಆ ಒಂದು ಬೆಳಗ್ಗೆ ಮಾತ್ರ.

ಹೂವಿನ ನಡುವೆ ಪರಾಗ ಹಿಡಿಯುವ ಅಂಟಾದ ಭಾಗವಿದೆ. ಅದು ಮೂರು ಹಾಲೆಗಳಾಗಿ ಸೀಳಿರುತ್ತದೆ. ಮಾರಾಟಕ್ಕೆ ಯೋಗ್ಯವಾದ ಒಂದು ಕಲ್ಲಂಗಡಿ ಆಗಬೇಕಾದರೆ ಸುಮಾರು 500ರಿಂದ 1000 ಪರಾಗ ಕಣಗಳು ಅಲ್ಲಿಗೆ ತಲುಪಬೇಕು, ಅದೂ ಮೂರು ಹಾಲೆಗಳಿಗೂ ಹೆಚ್ಚುಕಡಿಮೆ ಸಮನಾಗಿ. ಒಂದು ಜೇನು ಒಮ್ಮೆ ಬಂದು ಹೋದರೆ ಇದು ಆಗುವುದಿಲ್ಲ. ಸಾಕುಜೇನಿನ ಮೇಲೆ ನಡೆದ ಹೊಲದ ಪ್ರಯೋಗಗಳಲ್ಲಿ, ಒಂದು ಹೂವಿಗೆ ಕನಿಷ್ಠ ಎಂಟು ಭೇಟಿ ಆದಾಗ ಕಾಯಿ ಚೆನ್ನಾಗಿ ಕಚ್ಚಿದ್ದು ಕಂಡುಬಂದಿದೆ.

ಇಷ್ಟೊಂದು ಪರಾಗ ಏಕೆ ಬೇಕು? ಒಂದು ಬೀಜಕ್ಕೆ ಒಂದು ಪರಾಗ ಕಣ ಬೇಕು. ಕಲ್ಲಂಗಡಿಯೊಳಗೆ ನೂರಾರು ಬೀಜಗಳಿರುತ್ತವೆ. ಬೀಜ ಕಟ್ಟಿದಾಗ ಅದು ತನ್ನ ಸುತ್ತಲಿನ ತಿರುಳಿಗೆ 'ಬೆಳೆ' ಎಂಬ ಸೂಚನೆ ಕೊಡುತ್ತದೆ. ಈ ಸೂಚನೆ ಹೋಗುವುದು ಸಸ್ಯದ ಹಾರ್ಮೋನುಗಳ ಮೂಲಕ. ಅಂದರೆ ನಾವು ತಿನ್ನುವ ತಿರುಳು ಎಲ್ಲೆಲ್ಲಿ ತುಂಬಿಕೊಳ್ಳಬೇಕೆಂದು ತೀರ್ಮಾನಿಸುವುದು ಒಳಗಿರುವ ಬೀಜಗಳು.

ಸೊಟ್ಟ ಕಾಯಿಯ ಗುಟ್ಟು ಇರುವುದು ಇಲ್ಲಿ. ಹೂವಿನ ಒಂದು ಹಾಲೆಗೆ ಪರಾಗ ಚೆನ್ನಾಗಿ ಬಿದ್ದು ಇನ್ನೊಂದಕ್ಕೆ ಬೀಳದಿದ್ದರೆ, ಕಾಯಿಯ ಒಂದು ಬದಿಯಲ್ಲಿ ಬೀಜ ಕಟ್ಟುತ್ತದೆ, ಇನ್ನೊಂದು ಬದಿ ಖಾಲಿ ಉಳಿಯುತ್ತದೆ. ಬೀಜ ಇರುವ ಕಡೆ ತಿರುಳು ಉಬ್ಬುತ್ತದೆ, ಇಲ್ಲದ ಕಡೆ ಸಣಕಲಾಗುತ್ತದೆ. ಕಾಯಿ ಬಾಗುತ್ತದೆ, ಅಥವಾ ಸೋರೆಬುರುಡೆಯಂತೆ ಒಂದು ತುದಿ ಕಿರಿದಾಗುತ್ತದೆ. ಪರಾಗ ತೀರಾ ಕಡಿಮೆಯಾದರೆ ಬಳ್ಳಿ ಆ ಕಾಯಿಯನ್ನೇ ಕೈಬಿಡುತ್ತದೆ.

ಹಾಗಾಗಿ ಸೊಟ್ಟ ಸೌತೆಕಾಯಿ ವಿಷವಲ್ಲ. ಧಾರಾಳವಾಗಿ ಕೋಸಂಬರಿ ಮಾಡಿ. ಎಚ್ಚರಿಕೆ ಬೇಕಿರುವುದು ಆಕಾರದ ಬಗ್ಗೆ ಅಲ್ಲ, ಕಹಿಯ ಬಗ್ಗೆ. ಸೋರೆಕಾಯಿ ಅಥವಾ ಸೌತೆಕಾಯಿ ವಿಪರೀತ ಕಹಿ ಇದ್ದರೆ, ಅದು ನೇರವಾಗಿದ್ದರೂ ಎಸೆಯಿರಿ. ಆ ಕಹಿ ಅಂಶ ಹೊಟ್ಟೆಗೆ ಅಪಾಯ.

ಬೀಜವಿಲ್ಲದ ಕಲ್ಲಂಗಡಿಗೆ ಜೇನು ಬೇಡವೇ?

ಬೇಕು, ಇನ್ನೂ ಹೆಚ್ಚು ಬೇಕು. ಬೀಜವಿಲ್ಲದ ಕಲ್ಲಂಗಡಿಯಲ್ಲಿ ಬೀಜ ಪೂರ್ತಿ ಬಲಿಯದಿದ್ದರೂ ಕಾಯಿ ಬೆಳೆಯಲು ಪರಾಗದ ಪ್ರಚೋದನೆ ಬೇಕೇ ಬೇಕು. ಅದರ ಸ್ವಂತ ಪರಾಗ ಕೆಲಸಕ್ಕೆ ಬಾರದು. ಆದ್ದರಿಂದ ಹೊಲದ ನಡುನಡುವೆ ಬೀಜವಿರುವ ತಳಿಯ ಬಳ್ಳಿಗಳನ್ನೂ ಹಾಕಬೇಕು. ಜೇನು ಅಲ್ಲಿಂದ ಪರಾಗ ತರಬೇಕು, ದಾರಿಯಲ್ಲಿ ಕೆಲಸಕ್ಕೆ ಬಾರದ ಹೂವುಗಳಿಗೂ ಹೋಗಿಬರುತ್ತದೆ. ಇಂಥ ಬೆಳೆಯಲ್ಲಿ ಒಂದು ಹೆಣ್ಣು ಹೂವಿಗೆ 16ರಿಂದ 24 ಭೇಟಿ ಬೇಕಾದದ್ದು ಅಮೆರಿಕದ ಪ್ರಯೋಗವೊಂದರಲ್ಲಿ ಕಂಡಿದೆ.

ಜೇನು ನಿಜವಾಗಿಯೂ ಬೇಡದ ಬೆಳೆಯೂ ಇದೆ. ಪಾಲಿಹೌಸ್‌ನಲ್ಲಿ ಬೆಳೆಯುವ ಉದ್ದ ಸೌತೆಯ ಕೆಲವು ತಳಿಗಳು ಪರಾಗವೇ ಇಲ್ಲದೆ ಕಾಯಿ ಬಿಡುತ್ತವೆ. ಅದಕ್ಕೆಂದೇ ರೂಪಿಸಿದ ತಳಿಗಳವು. ಬಯಲಿನಲ್ಲಿ ಬೆಳೆಯುವ ಸಿಹಿಗುಂಬಳ, ಕಲ್ಲಂಗಡಿ, ಕರಬೂಜಕ್ಕೆ ಈ ಅನುಕೂಲವಿಲ್ಲ. ಬೆಳೆಗಳು ಪರಾಗ ಸಾಗಿಸುವ ಜೀವಿಗಳನ್ನು ಎಷ್ಟು ನೆಚ್ಚಿಕೊಂಡಿವೆ ಎಂದು ಲೆಕ್ಕಹಾಕಿದ 2007ರ ಜಾಗತಿಕ ಅಧ್ಯಯನವೊಂದು ಈ ಮೂರನ್ನೂ ಅತಿ ಹೆಚ್ಚು ಅವಲಂಬಿತ ಬೆಳೆಗಳ ಪಟ್ಟಿಗೆ ಸೇರಿಸಿದೆ. ಆ ಜೀವಿಗಳು ಇಲ್ಲದಿದ್ದರೆ ಇಳುವರಿ 90%ಕ್ಕೂ ಹೆಚ್ಚು ಕುಸಿಯುವ ಬೆಳೆಗಳು ಅವು.

ಜೇನು ಅರ್ಧವಾದರೆ ಬೆಳೆಯೂ ಅರ್ಧವಾಗುತ್ತದೆಯೇ?

ಎಲ್ಲರೂ ಹಾಗೆಂದುಕೊಳ್ಳುತ್ತಾರೆ. ಆದರೆ ಲೆಕ್ಕ ಹಾಗಿಲ್ಲ, ಅದಕ್ಕೇ ಇದು ಬೇಗ ಗಮನಕ್ಕೆ ಬರುವುದಿಲ್ಲ.

ಒಂದು ಹೊಲದಲ್ಲಿ ಪ್ರತಿ ಹೆಣ್ಣು ಹೂವಿಗೂ ಬೆಳಗ್ಗೆ 25 ಭೇಟಿ ಆಗುತ್ತಿದೆ ಎಂದುಕೊಳ್ಳಿ. ಬೇಕಿರುವುದು ಎಂಟು. ಜೇನುಗಳು ಅರ್ಧ ಕಡಿಮೆಯಾಗಿ ಭೇಟಿ 12ಕ್ಕೆ ಇಳಿದರೂ ಕಾಯಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ರೈತರಿಗೆ ಏನೂ ಆಗಿಲ್ಲವೆಂದೇ ಅನಿಸುತ್ತದೆ. ಅಲ್ಲಿಂದ ಇನ್ನು ಸ್ವಲ್ಪ ಇಳಿದು ಏಳಾಯಿತು, ಐದಾಯಿತು ಎಂದರೆ ಒಂದೇ ಹಂಗಾಮಿನಲ್ಲಿ ಸೊಟ್ಟ ಕಾಯಿ, ಸಣ್ಣ ಕಾಯಿ, ಉದುರುವ ಹೀಚು ಎಲ್ಲ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಆಗ ಬೀಜ ಕಂಪನಿಯನ್ನೋ ಹವಾಮಾನವನ್ನೋ ದೂರುತ್ತೇವೆ, ಏಕೆಂದರೆ ಹೋದ ವರ್ಷ ಎಲ್ಲ ಚೆನ್ನಾಗಿತ್ತಲ್ಲ!

ನಷ್ಟ ಬರೀ ತೂಕದಲ್ಲೂ ಅಲ್ಲ. ಬಳ್ಳಿ ಮೊದಲ ಹೂವುಗಳಲ್ಲಿ ಕಾಯಿ ಕಚ್ಚದಿದ್ದರೆ ಮುಂದೆ ಹೊಸ ಹೆಣ್ಣು ಹೂವು ಬಿಡುತ್ತದೆ. ಕೊನೆಗೆ ಕಾಯಿ ಸಿಕ್ಕರೂ ಸಿಗುವುದು ತಡವಾಗಿ, ಒಂದೊಂದು ಬಳ್ಳಿಯಲ್ಲಿ ಒಂದೊಂದು ದಿನ. ಕಲ್ಲಂಗಡಿಯವರಿಗೆ ಇದು ದೊಡ್ಡ ಪೆಟ್ಟು. ವ್ಯಾಪಾರಿ ಲಾರಿ ತಂದ ದಿನ ಹೊಲದ ಅರ್ಧ ಕಾಯಿ ಬಲಿತಿರುತ್ತದೆ, ಇನ್ನರ್ಧ ಬಲಿತಿರುವುದಿಲ್ಲ. ಬೇಸಿಗೆಯ ಒಳ್ಳೆಯ ದರ ಎರಡು ವಾರದಲ್ಲಿ ಮುಗಿದುಹೋಗಬಹುದು. ಸೊಟ್ಟ ಕಾಯಿಯನ್ನು ಮಂಡಿಯಲ್ಲಿ ಬೇರೆ ರಾಶಿಗೆ ಹಾಕುತ್ತಾರೆ, ಅದಕ್ಕೆ ಬೇರೆ ಬೆಲೆ.

ಕೈಯಿಂದಲೇ ಮಾಡಿದರಾಗದೇ?

ಹಿತ್ತಲಿನಲ್ಲಿ ನಾಲ್ಕು ಬಳ್ಳಿ ಇದ್ದರೆ ಖಂಡಿತ ಆಗುತ್ತದೆ. ಅದೇ ದಿನ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿನ ಹಾಲೆಗಳ ಮೇಲೆಲ್ಲ ಮೆಲ್ಲಗೆ ಸವರಬೇಕು. ಗಂಡು ಬಳ್ಳಿಯೂ ಹೆಣ್ಣು ಬಳ್ಳಿಯೂ ಬೇರೆಬೇರೆ ಇರುವ ಮಡಹಾಗಲವನ್ನು ಬೆಳೆಯುವವರು ಇದನ್ನು ಮಾಡುತ್ತಲೇ ಇದ್ದಾರೆ.

ಇದನ್ನೇ ಒಂದು ಎಕರೆ ಕಲ್ಲಂಗಡಿಗೆ ಮಾಡಿದರೆ? ಸರಿಸುಮಾರು ಲೆಕ್ಕ ಹಾಕೋಣ. ಎಕರೆಗೆ 5000 ಬಳ್ಳಿ, ಬಳ್ಳಿಗೆ ಎರಡು ಕಾಯಿ ಎಂದರೆ 10,000 ಕಾಯಿ. ಹೂವು ಹುಡುಕಿ ಸವರಲು ತಲಾ 20 ಸೆಕೆಂಡ್ ಹಿಡಿದರೂ ಒಟ್ಟು 55 ಗಂಟೆಗೂ ಮೇಲಾಯಿತು. ಬೆಳಗ್ಗೆ ಕೆಲಸಕ್ಕೆ ಸಿಗುವುದು ಮೂರು ಗಂಟೆ ಎಂದರೆ ಒಬ್ಬ ಆಳಿನ 18–19 ಬೆಳಗ್ಗೆ. ಸವರಿದ ಹೂವುಗಳಲ್ಲಿ ಅರ್ಧ ಮಾತ್ರ ಕಚ್ಚಿದರೆ ಅದು ಸುಮಾರು 37 ಬೆಳಗ್ಗೆ. ಜೇನು ಇದನ್ನು ಕೂಲಿ ಕೇಳದೆ ಮಾಡುತ್ತಿತ್ತು.

ಜೇನೇ ಕಾರಣವೆಂದು ಪತ್ತೆ ಮಾಡುವುದು ಹೇಗೆ?

ಸೊಟ್ಟ ಕಾಯಿಗೆಲ್ಲ ಜೇನಿನ ಕೊರತೆಯೇ ಕಾರಣ ಎಂದು ಹೊಸ ಫಾರ್ವರ್ಡ್ ಮಾಡಬೇಡಿ. ಮೊದಲು ಕಾಯಿಯನ್ನು ಉದ್ದಕ್ಕೆ ಸೀಳಿ ನೋಡಿ. ಉಬ್ಬಿದ ಕಡೆ ತುಂಬಿದ ಬೀಜ, ಸಣಕಲಾದ ಕಡೆ ಚಪ್ಪಟೆ ಖಾಲಿ ಬೀಜ ಇದ್ದರೆ ಪರಾಗದ ಕೊರತೆ ಎನ್ನಬಹುದು. ಒಳಗೆ ಬಿಳಿ ಹುಳು ಇದ್ದರೆ, ಹೊರಗೆ ಚುಚ್ಚಿದ ಗುರುತಿನಿಂದ ಅಂಟು ಒಸರಿದ್ದರೆ ಅದು ಹಣ್ಣುನೊಣದ ಕೆಲಸ, ಅದರಿಂದಲೂ ಕಾಯಿ ಬಾಗುತ್ತದೆ. ಬೀಜ ಎಲ್ಲ ಕಡೆ ಸರಿಯಿದ್ದೂ ಕಾಯಿ ಬಾಗಿದ್ದರೆ ಚಪ್ಪರದ ತಂತಿಗೋ ಕಾಂಡಕ್ಕೋ ಒತ್ತಿ ಬೆಳೆದಿರಬಹುದು, ಅಥವಾ ನೀರು ಕಡಿಮೆಯಾಗಿರಬಹುದು.

ಉದುರುವುದರಲ್ಲೂ ಸಹಜವಾದದ್ದಿದೆ. ಬಳ್ಳಿ ಮೊದಲು ಬಿಡುವುದು ಬರೀ ಗಂಡು ಹೂವು, ಅವು ಉದುರಲೇಬೇಕು. ಆಗಲೇ ಎರಡು ಮೂರು ದೊಡ್ಡ ಕಾಯಿ ಹೊತ್ತ ಬಳ್ಳಿ ಹೊಸ ಹೀಚನ್ನು ತಾನೇ ಬಿಟ್ಟುಬಿಡುತ್ತದೆ. ಸುಡು ಬಿಸಿಲಿನಲ್ಲಿ ಪರಾಗವೇ ಸತ್ವ ಕಳೆದುಕೊಳ್ಳುವುದೂ ಉಂಟು.

ಇಷ್ಟರ ನಡುವೆ ಖಚಿತವಾಗಿ ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಒಂದು ಬೆಳಗ್ಗೆ ಅರಳಿದ 20 ಹೆಣ್ಣು ಹೂವು ಆರಿಸಿ. ಹತ್ತಕ್ಕೆ ಕೆಂಪು ದಾರ ಕಟ್ಟಿ ಕೈಯಿಂದ ಪರಾಗ ಸವರಿ. ಉಳಿದ ಹತ್ತಕ್ಕೆ ಬಿಳಿ ದಾರ ಕಟ್ಟಿ ಹಾಗೇ ಬಿಡಿ. ಒಂದು ವಾರದ ನಂತರ ಎಣಿಸಿ. ಕೆಂಪು ದಾರದಲ್ಲಿ ಎಂಟು, ಬಿಳಿಯಲ್ಲಿ ಮೂರು ಕಚ್ಚಿದ್ದರೆ ನಿಮ್ಮ ಹೊಲಕ್ಕೆ ಜೇನು ಸಾಲುತ್ತಿಲ್ಲ. ಎರಡೂ ಕಡೆ ಏಳೆಂಟು ಕಚ್ಚಿದ್ದರೆ ಜೇನು ಸಾಕಷ್ಟಿದೆ, ಕಾರಣ ಬೇರೆ ಹುಡುಕಿ. ಎರಡೂ ಕಡೆ ಎರಡು ಮೂರೇ ಕಚ್ಚಿದ್ದರೆ ತೊಂದರೆ ಇರುವುದು ಬಳ್ಳಿಯಲ್ಲಿ, ನೀರು ಗೊಬ್ಬರದಲ್ಲಿ ಅಥವಾ ಬಿಸಿಲಿನಲ್ಲಿ. ಒಂದು ದಿನದ ಲೆಕ್ಕವನ್ನೇ ನಂಬಿ ಕೂರದೆ ಬೇರೆ ಬೇರೆ ಬೆಳಗ್ಗೆ ಎರಡು ಮೂರು ಬಾರಿ ಮಾಡಿದರೆ ಒಳ್ಳೆಯದು.

ಹೊಲದ ಸುತ್ತ ಏನಿದೆ ಎಂಬುದೇ ಮುಖ್ಯ

ಜೇನು ಎಲ್ಲ ಕಡೆ ಒಂದೇ ರೀತಿ ಕಡಿಮೆಯಾಗುತ್ತಿಲ್ಲ. ಕಲ್ಲಂಗಡಿಯ ಮೇಲೆ ಅಮೆರಿಕದಲ್ಲಿ ನಡೆದ ಎರಡು ಅಧ್ಯಯನಗಳು ಇದನ್ನು ಚೆನ್ನಾಗಿ ತೋರಿಸುತ್ತವೆ. ಕ್ಯಾಲಿಫೋರ್ನಿಯಾದ ಯೋಲೋ ಕೌಂಟಿಯಲ್ಲಿ ಕ್ಲೇರ್ ಕ್ರೆಮೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಡುಕುರುಚಲಿನ ಹತ್ತಿರವಿದ್ದ ಸಾವಯವ ಹೊಲಗಳಿಗೆ ಅಲ್ಲಿನ ಕಾಡುಜೇನುಗಳೇ ಸಾಕಾಗಿದ್ದವು. ಕುರುಚಲಿನಿಂದ ದೂರವಿದ್ದ, ರಾಸಾಯನಿಕ ಬಳಸುವ ಹೊಲಗಳಲ್ಲಿ ಸಾಲುತ್ತಿರಲಿಲ್ಲ. 2007ರಲ್ಲಿ ರೇಚಲ್ ವಿನ್‌ಫ್ರೀ ತಂಡ ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾದ 23 ಹೊಲಗಳನ್ನು ನೋಡಿದಾಗ, 90%ಕ್ಕೂ ಹೆಚ್ಚು ಹೊಲಗಳಲ್ಲಿ ಕಾಡುಜೇನುಗಳೇ ಸಾಕಿದ್ದವು. ಅಲ್ಲಿ ಹೊಲಗಳ ನಡುನಡುವೆ ಮರಗಿಡ ಉಳಿದಿತ್ತು.

ಒಂದೇ ಜಾತಿಯ ಜೇನನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ನಮ್ಮ ಕರ್ನಾಟಕವೇ ಕಂಡಿದೆ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿತು. ಮರಿಗಳು ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ಸಾಕಿದ ತುಡುವೆ ಕುಟುಂಬಗಳಲ್ಲಿ 90%ರಷ್ಟು ನಾಶವಾದವು. ಪೆಟ್ಟಿಗೆಗಳು ಖಾಲಿಯಾದವು. ಅಂಥ ವರ್ಷ ಹೂವಿಗೆ ಬರಬಲ್ಲವು ಹೆಜ್ಜೇನು, ಕೋಲುಜೇನು, ಮಿಸರೆ ಮತ್ತು ಆ ಹೆಸರಿಲ್ಲದ ಒಂಟಿಜೇನುಗಳು. ಅವುಗಳಿಗೆ ಇರಲು ಬದುವಿನ ಉಳದ ಮಣ್ಣು, ಹಳೆಯ ಮರ, ಬೆಳೆ ಇಲ್ಲದ ತಿಂಗಳಲ್ಲೂ ಹೂಬಿಡುವ ಗಿಡ ಬೇಕು. ಕಲ್ಲಂಗಡಿ ಹೂವು ಬಿಡುವುದು ಕೆಲವು ವಾರ ಮಾತ್ರ, ಜೇನಿಗೆ ವರ್ಷವಿಡೀ ಊಟ ಬೇಕು.

ಔಷಧಿ ಹೊಡೆಯುವ ಹೊತ್ತು

ರೈತರ ಕೈಯಲ್ಲೇ ಇರುವ ಒಂದು ದೊಡ್ಡ ಸಂಗತಿ ಇದು. ಬೆಳಗ್ಗೆ ತಂಪು ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸುವುದು ಹಲವರ ರೂಢಿ. ಸೌತೆ, ಕಲ್ಲಂಗಡಿ, ಕುಂಬಳ, ಹಾಗಲದಲ್ಲಿ ಹೂವು ಅರಳಿ ಜೇನು ಬರುವ ಹೊತ್ತೂ ಅದೇ. ಅಂಥ ಬೆಳೆಯಲ್ಲಿ ಸಿಂಪಡಿಸಲೇಬೇಕಿದ್ದರೆ ಹೂವು ಮುಚ್ಚಿದ ಮೇಲೆ, ಸಂಜೆಗೆ ಮುಂದೂಡುವುದು ಲೇಸು.

ಆದರೆ ಇದೇ ಮಾತನ್ನು ಎಲ್ಲ ಬಳ್ಳಿಗೂ ಅನ್ವಯಿಸಬೇಡಿ. ಹೀರೆ, ಸೋರೆ, ಪಡವಲದ ಹೂವು ಅರಳುವುದು ಸಂಜೆ. ಸೋರೆ, ಪಡವಲದ ಬಿಳಿ ಹೂವಿಗೆ ಕತ್ತಲಲ್ಲಿ ಪತಂಗಗಳು ಬರುತ್ತವೆ. ಅಲ್ಲಿ ಸಂಜೆ ಸಿಂಪಡಿಸಿದರೆ ಔಷಧಿ ಬೀಳುವುದು ಆಗಷ್ಟೇ ಅರಳಿದ ಹೂವಿನ ಮೇಲೆ. ನಿಮ್ಮ ಬಳ್ಳಿಯ ಹೂವು ಯಾವಾಗ ಮುಚ್ಚಿರುತ್ತದೆ ಎಂದು ಒಂದು ದಿನ ನಿಂತು ನೋಡುವುದೇ ಸರಿಯಾದ ದಾರಿ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥ ಔಷಧಿಗಳು ಗಿಡದೊಳಗೇ ಹರಿದು ಮಕರಂದ, ಪರಾಗಕ್ಕೂ ಸೇರುತ್ತವೆ. ಅವುಗಳಿಗೆ ಹೊತ್ತು ಬದಲಾಯಿಸಿದರೆ ಸಾಲದು, ಹೂ ಬಿಡುವ ಕಾಲದಲ್ಲಿ ಬಳಸದಿರುವುದೇ ಮೇಲು.

ಮೇಲಿನ ಪರೀಕ್ಷೆಯಲ್ಲಿ ಜೇನಿನ ಕೊರತೆ ಖಚಿತವಾದರೆ ಎಕರೆಗೆ ಒಂದೆರಡು ಜೇನುಪೆಟ್ಟಿಗೆ ತಂದಿಡಬಹುದು. ತೀರಾ ಮುಂಚೆ ಇಡಬೇಡಿ, ಜೇನು ಪಕ್ಕದ ಬೇರೆ ಹೂವನ್ನು ರೂಢಿಸಿಕೊಳ್ಳುತ್ತದೆ. ಬಳ್ಳಿಗಳು ಹೂ ಬಿಡಲು ಶುರುಮಾಡಿದ ಮೇಲೆ ತಂದರೆ ನೇರವಾಗಿ ಹೊಲಕ್ಕೇ ಇಳಿಯುತ್ತದೆ.

ದೊಡ್ಡಪ್ಪನಿಗೆ ಇದನ್ನೆಲ್ಲ ಬರೆದು ಕಳಿಸುವ ಬದಲು ನಾನು ಒಂದೇ ಸಾಲು ಹಾಕಿದೆ: ಆ ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ಬೀಜದ ಫೋಟೋ ಕಳಿಸಿ. ಮರುದಿನ ಅವರು ಮಾರುಕಟ್ಟೆಯಿಂದ ತಂದ ಒಂದು ಸೊಟ್ಟ ಕಾಯಿಯನ್ನು ಸೀಳಿ ಕಳಿಸಿದರು. ಉಬ್ಬಿದ ತುದಿಯಲ್ಲಿ ಸಾಲಾಗಿ ಬೀಜ, ಬಾಗಿದ ತುದಿಯಲ್ಲಿ ಬರೀ ಚಪ್ಪಟೆ ಸಿಪ್ಪೆ. ಕೆಳಗೆ ಬರೆದಿದ್ದರು: ಹಾಗಾದರೆ ತಿನ್ನಬಹುದು ಅಂತಾಯಿತು.